ರೆಂಡರ್ ನೋಡಿ ಡಿಸೈನ್ ಬಟ್ಟೆಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಮನೆ ಇಂಟೀರಿಯರ್ ಮಾಡಿಸುತ್ತಿದ್ದೀರಾ? ಕಂಪ್ಯೂಟರ್‌ನಲ್ಲಿ ಮಾಡಿ ತೋರಿಸುವ ಮನೆಯ ಚಿತ್ರ, ಅಂದರೆ ರೆಂಡರ್‌ನಲ್ಲಿ ಚಂದ ಕಂಡಿತು ಅಂತ ವಾಲ್‌ಪೇಪರ್, ಸೋಫಾ ಬಟ್ಟೆಗೆ ಅಡ್ವಾನ್ಸ್ ಕೊಡಬೇಡಿ. ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮ ಅಕ್ಕ ಹಾಗೆ ಕೊಟ್ಟು ಈಗ ಕೊರಗುತ್ತಿದ್ದಾಳೆ.

ಮೊದಲು ಗೋಡೆ. ರೆಂಡರ್‌ನಲ್ಲಿ ಸಣ್ಣ ಸಣ್ಣ ಎಲೆ, ನೋಡೋಕೆ ಹಿತವಾಗಿತ್ತು. ಅಂಟಿಸಿದ ಮೇಲೆ ಒಂದೊಂದು ಎಲೆ ಮೊರದಷ್ಟು! ಕ್ಯಾಟಲಾಗ್ ಹಿಂದೆ ರಿಪೀಟ್ 64 ಸೆಂ.ಮೀ. ಅಂತ ಬರೆದೇ ಇತ್ತು, ಅಂದರೆ ಅಷ್ಟು ಎತ್ತರಕ್ಕೊಮ್ಮೆ ಅದೇ ಚಿತ್ರ ಮತ್ತೆ ಬರುತ್ತದೆ. ಪಕ್ಕದ ಬಾಗಿಲು 210 ಸೆಂ.ಮೀ. ಎತ್ತರ, ಹಾಗಾಗಿ ಬಾಗಿಲೆತ್ತರದಲ್ಲಿ ಚಿತ್ರ ಮೂರು ಸಲಕ್ಕಿಂತ ಸ್ವಲ್ಪ ಜಾಸ್ತಿ ಬರಬೇಕು. ರೆಂಡರ್‌ನಲ್ಲಿ ಎಣಿಸಿದರೆ ಹತ್ತು ಸಲ ಇದೆ. ಮಾಡಿದವರು ಅಳತೆ ಹಾಕದೆ, ಸುಮ್ನೆ ಕಣ್ಣಿಗೆ ಚಂದ ಕಾಣುವವರೆಗೆ ಚಿತ್ರ ಕುಗ್ಗಿಸಿದ್ದರು. ನೀವೂ ಹೀಗೇ ಬಾಗಿಲ ಪಕ್ಕ ಎಣಿಸಿ ನೋಡಿ.

ಸೋಫಾದ್ದು ಇನ್ನೂ ಬೇಸರ. ಅರ್ಧಚಂದ್ರದ ಹಾಗೆ ಬಾಗಿದ ಸೋಫಾ, ಒರಗು ಮೇಲೆ ಹೋದಂತೆ ಹೊರಕ್ಕೆ ಅರಳಿದೆ. ರೆಂಡರ್‌ನಲ್ಲಿ ಒಂದೂ ಹೊಲಿಗೆ ಇಲ್ಲ, ಬಳ್ಳಿಗಳೆಲ್ಲ ಸುತ್ತಲೂ ನೆಟ್ಟಗೆ ನಿಂತಿವೆ. ಸೋಫಾ ಕೆಲಸದವರು ಫೋಟೋ ನೋಡಿದವರೇ "ಅಕ್ಕಾ, ಇದು ಬಟ್ಟೇಲಿ ಆಗಲ್ಲ" ಅಂದರು. ಅವರು ಹೇಳಿದ್ದು ಸರಿ. ಬಟ್ಟೆಯ ಅಗಲ 137 ಸೆಂ.ಮೀ., ಅಂಥ ಒರಗಿಗೆ ಮೇಲೆ ಅಗಲ, ಕೆಳಗೆ ಕಿರಿದು ಇರುವ ತುಂಡುಗಳನ್ನು ಕತ್ತರಿಸಿ ಹೊಲಿಯಬೇಕು. ಆಗ ತುಂಡಿನ ನಡುವೆ ಬಳ್ಳಿ ನೆಟ್ಟಗಿರುತ್ತದೆ, ಹೊಲಿಗೆ ಹತ್ತಿರ ಬಂದಂತೆ ವಾಲುತ್ತದೆ. ತುಂಡು ಜಾಸ್ತಿ ಮಾಡಿದರೆ ವಾಲುವುದು ಕಡಿಮೆ, ಹೊಲಿಗೆ ಜಾಸ್ತಿ. ಹೂವು ಕೂಡಿಸಲು ಹೋದರೆ ಬಟ್ಟೆ ವೇಸ್ಟ್ ಆಗುತ್ತದೆ, ಅದಕ್ಕೆ ಅಕ್ಕ ಮತ್ತೆ ಬಟ್ಟೆ ತರಿಸಬೇಕಾಯಿತು.

ನಾನೂ ರೆಂಡರ್ ಕೆಲಸದವನೇ, ಆ ಫೈಲ್ ತರಿಸಿ ತೆರೆದು ನೋಡಿದೆ. ಬಾಕ್ಸ್ ಮ್ಯಾಪಿಂಗ್ ಹಾಕಿ ಬಿಟ್ಟಿದ್ದರು. ಅದು ಚಿತ್ರವನ್ನು ಎದುರಿಂದ, ಪಕ್ಕದಿಂದ, ಮೇಲಿಂದ ನೇರವಾಗಿ ಚೆಲ್ಲುತ್ತದೆ. ಚೌಕದ ಬೀರುವಿಗೆ ಸರಿ, ಬಾಗಿದ ಕಡೆಗಲ್ಲ. ಸೋಫಾ ತಿರುಗುತ್ತಾ 45 ಡಿಗ್ರಿಗೆ ಬಂದಾಗ ಹೂವು ಸುಮಾರು 1.4 ಪಟ್ಟು ಅಡ್ಡಕ್ಕೆ ಎಳೆದುಕೊಂಡಿರುತ್ತದೆ, ಅಲ್ಲಿಂದ ಪಕ್ಕದ ಚಿತ್ರ ಶುರುವಾಗಿ ಎರಡೂ ಕೂಡದೆ ಕತ್ತರಿಸಿದಂತೆ ಕಾಣುತ್ತವೆ, ಇಲ್ಲವೇ ಒಂದರ ಮೇಲೊಂದು ಮಸುಕಾಗಿ ಬೆರೆಯುತ್ತವೆ. ಕೈಯಿಡುವ ಜಾಗ, ಮೂಲೆಗಳನ್ನು ದೊಡ್ಡದು ಮಾಡಿ ನೋಡಿದರೆ ಇದು ಕಂಡೇ ಕಾಣುತ್ತದೆ.

ಸರಿಯಾಗಿ ಮಾಡುವವರು ಸೋಫಾ ಹೊಲಿಯುವವರನ್ನೇ ಕೇಳಿ, ನಿಜವಾದ ಹೊಲಿಗೆ ಬರುವಲ್ಲೇ ಬ್ಲೆಂಡರ್ ಸಾಫ್ಟ್‌ವೇರ್‌ನಲ್ಲಿ Mark Seam ಅಂತ ಗುರುತು ಹಾಕಿ, ಅಲ್ಲಿಂದ ಸೋಫಾದ ಮೈಯನ್ನು ಚಪ್ಪಟೆ ತುಂಡುಗಳಾಗಿ ಬಿಡಿಸುತ್ತಾರೆ. ಬಿಡಿಸಿದ ತುಂಡುಗಳಿಗೆಲ್ಲ ಒಂದೇ ಅಳತೆ ಬರಲು Average Islands Scale ಕೊಟ್ಟು, ಪ್ರತಿ ತುಂಡನ್ನೂ ಅದರ ನಡುವೆ ಬಳ್ಳಿ ನೆಟ್ಟಗೆ ಬರುವಂತೆ ತಿರುಗಿಸಿ ಕೂರಿಸುತ್ತಾರೆ. ಬಟ್ಟೆ ಹಾಕುವ ಮುಂಚೆ 10 ಸೆಂ.ಮೀ. ಚೌಕಗಳ ಚಿತ್ರ ಹಾಕಿದ ಒಂದು ರೆಂಡರ್ ಕೇಳಿ ತರಿಸಿಕೊಳ್ಳಿ. ಚೌಕ ಎಲ್ಲೂ ಹಿಗ್ಗಿರಬಾರದು, ಹೊಲಿಗೆಯ ಎರಡೂ ಕಡೆ ಒಂದೇ ಗಾತ್ರ ಇರಬೇಕು. ಕೊಡಲ್ಲ ಅಂದರೆ ಆ ರೆಂಡರ್ ನಂಬಿ ಬಟ್ಟೆ ಆರ್ಡರ್ ಮಾಡಬೇಡಿ.