ಎಲೆರೋಗ ಪತ್ತೆಯ ಪ್ರಾಜೆಕ್ಟ್: ಸಿನಾಪ್ಸಿಸ್ ಕೊಡುವ ಮುನ್ನ ಇದನ್ನು ಓದಿ

ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿರುವ ಕಂಪ್ಯೂಟರ್ ಸೈನ್ಸ್ ಮತ್ತು ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ‘ಎಲೆಯ ಫೋಟೋದಿಂದ ಸಸ್ಯರೋಗ ಪತ್ತೆ’ ಎಂಬ ವಿಷಯ ಬಹುತೇಕ ಪ್ರತಿ ವಿಭಾಗದ ಪಟ್ಟಿಯಲ್ಲೂ ಇರುತ್ತದೆ. ನಮ್ಮ ಬ್ಯಾಚ್‌ಗೂ ಅದೇ ಬಂತು. ರೈತರಿಗೆ ಉಪಯುಕ್ತ, ದತ್ತಾಂಶ ಉಚಿತ, ಕೋಡ್ ಸಿದ್ಧ, ಹೊಸತನಕ್ಕೆ ಬೇಸ್ ಪೇಪರ್‌ನಲ್ಲಿರುವ ಮಾಡೆಲ್ ಬದಲಿಸಿ ಇನ್ನೊಂದನ್ನು ಹಾಕಿದರಾಯಿತು ಎಂದು ಗೈಡ್ ಹೇಳಿದ್ದರು. ಈ ನಾಲ್ಕರಲ್ಲಿ ನಿಜವಾಗಿ ಉಳಿದದ್ದು ದತ್ತಾಂಶ ಉಚಿತ ಮತ್ತು ಕೋಡ್ ಸಿದ್ಧ ಎಂಬ ಎರಡೇ.

ಇಂಥ ಪ್ರಾಜೆಕ್ಟ್‌ಗಳಲ್ಲಿ ಹೆಚ್ಚಿನವು ಪ್ಲಾಂಟ್‌ವಿಲೇಜ್ ಎಂಬ ಚಿತ್ರಸಂಗ್ರಹವನ್ನು ಬಳಸುತ್ತವೆ. ಅದರಲ್ಲಿ 14 ಬೆಳೆಗಳ 54,306 ಚಿತ್ರಗಳು 38 ವರ್ಗಗಳಲ್ಲಿ ಹಂಚಿಹೋಗಿವೆ. ಆ 14ರಲ್ಲಿ ಸೇಬು, ಬ್ಲೂಬೆರಿ, ರಾಸ್ಪ್‌ಬೆರಿಗಳಿಗೆ ಜಾಗವಿದೆ. ಅಡಿಕೆ, ರಾಗಿ, ಭತ್ತ, ತೆಂಗುಗಳಿಗೆ ಇಲ್ಲ. ನಮ್ಮ ಕಡೆಯ ರೈತರಿಗೆ ಹತ್ತಿರವಾದದ್ದು ಟೊಮೆಟೊ ಎಂದು ಅದನ್ನೇ ಆರಿಸಿಕೊಂಡೆವು. ಮಾಡೆಲ್ ತರಬೇತಿ ಮುಗಿದಾಗ ನಿಖರತೆ ಶೇ. 98 ದಾಟಿತ್ತು, ಮೊದಲ ರಿವ್ಯೂನಲ್ಲಿ ಎಲ್ಲರೂ ತಲೆಯಾಡಿಸಿದರು.

ಮಾರ್ಚ್‌ನಲ್ಲಿ ಶ್ರೀನಿವಾಸಪುರದ ಕಡೆ ಇರುವ ಗೆಳೆಯನ ಸೋದರಮಾವನ ಟೊಮೆಟೊ ತೋಟಕ್ಕೆ ಆ ಮಾಡೆಲ್ ಹಾಕಿದ ಫೋನ್ ಆ್ಯಪ್ ಹಿಡಿದುಕೊಂಡು ಹೋದೆವು. ಎಲೆ ಮುದುರು ರೋಗ ಬಂದು ಕುಗ್ಗಿದ್ದ ಗಿಡದ ಫೋಟೋಗೆ ಉತ್ತರ `Tomato___Late_blight`, ಅಂದರೆ ಅಂಗಮಾರಿ ಎಂದು ಬಂತು. ಅದೇ ಎಲೆಯನ್ನು ಕಿತ್ತು ಬೂದು ಬಣ್ಣದ ಚಾರ್ಟ್ ಪೇಪರ್ ಮೇಲಿಟ್ಟು ಮತ್ತೆ ಫೋಟೋ ತೆಗೆದಾಗ ಉತ್ತರ ಬದಲಾಯಿತು. ಗೆಳೆಯ ತಮಾಷೆಗೆ ತನ್ನ ಅಂಗೈಯ ಫೋಟೋ ತೆಗೆದ. ಅದಕ್ಕೂ ಒಂದು ಟೊಮೆಟೊ ರೋಗದ ಹೆಸರು ಬಂತು, ಅದೂ ಶೇ. 90ಕ್ಕೆ ಮೇಲ್ಪಟ್ಟ ಖಚಿತತೆಯೊಂದಿಗೆ. ಇಂಥ ಮಾಡೆಲ್‌ಗೆ ‘ಗೊತ್ತಿಲ್ಲ’ ಎಂಬ ವರ್ಗವನ್ನೇ ಕೊಟ್ಟಿರುವುದಿಲ್ಲ. ಎದುರಿಗೆ ಏನೇ ಇಟ್ಟರೂ ತನಗೆ ಕಲಿಸಿದ ವರ್ಗಗಳಿಗೇ ಒಟ್ಟು ನೂರು ಅಂಕವನ್ನು ಹಂಚಿ, ಹೆಚ್ಚು ಬಂದದ್ದನ್ನು ಉತ್ತರವೆಂದು ಹೇಳುತ್ತದೆ.

ಎಲೆಗಿಂತ ಹಿನ್ನೆಲೆ ಹೆಚ್ಚು ಕೆಲಸ ಮಾಡುತ್ತಿತ್ತು ಎಂಬುದೇ ಇದರ ಮುಖ್ಯ ಕಾರಣ. ಪ್ಲಾಂಟ್‌ವಿಲೇಜ್‌ನ ಚಿತ್ರಗಳಲ್ಲಿ ಕಿತ್ತ ಎಲೆಯೊಂದನ್ನು ಏಕಬಣ್ಣದ ಹಾಳೆಯ ಮೇಲಿಟ್ಟು ಫೋಟೋ ತೆಗೆಯಲಾಗಿದೆ, ಮತ್ತು ಒಂದೊಂದು ವರ್ಗದ ಚಿತ್ರಗಳನ್ನು ಸಾಮಾನ್ಯವಾಗಿ ಒಂದೇ ಬಗೆಯ ಬೆಳಕಿನಲ್ಲಿ ತೆಗೆದಿರುವುದರಿಂದ ಆ ಹಾಳೆಯ ಛಾಯೆಯೇ ರೋಗದ ಗುರುತಾಗಿಬಿಡುತ್ತದೆ. 2022ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಎಲೆಯನ್ನು ತೋರಿಸದೆ ಚಿತ್ರದ ಅಂಚಿನ 8 ಪಿಕ್ಸೆಲ್‌ಗಳನ್ನಷ್ಟೇ ಕೊಟ್ಟರೂ ಶೇ. 49ರಷ್ಟು ನಿಖರತೆ ಸಿಕ್ಕಿತ್ತು. 38 ವರ್ಗಗಳಲ್ಲಿ ಕಣ್ಣುಮುಚ್ಚಿ ಊಹಿಸಿದರೆ ಸಿಗುವುದು ಶೇ. 3ಕ್ಕಿಂತ ಕಡಿಮೆ. ಇದೇನೂ ಗುಟ್ಟಾಗಿರಲಿಲ್ಲ ಎಂಬುದು ನನ್ನ ದೂರು. ಎಲ್ಲರೂ ಉಲ್ಲೇಖಿಸುವ 2016ರ ಮೂಲ ಪ್ರಬಂಧದಲ್ಲೇ, ಶೇ. 99.35 ನಿಖರತೆ ತೋರಿದ ಮಾಡೆಲ್ ಬೇರೆ ಮೂಲದ ಚಿತ್ರಗಳ ಮೇಲೆ ಸುಮಾರು ಶೇ. 31ಕ್ಕೆ ಕುಸಿಯಿತೆಂದು ಬರೆದಿದೆ. ಬೇಸ್ ಪೇಪರ್‌ಗಳು ಮೊದಲ ಸಂಖ್ಯೆಯನ್ನು ಮಾತ್ರ ಎತ್ತಿಕೊಳ್ಳುತ್ತವೆ.

ವಿಷಯ ಒಪ್ಪಿಕೊಳ್ಳುವ ಮೊದಲೇ ಈ ಪರೀಕ್ಷೆಯನ್ನು ನೀವೂ ಮಾಡಿ ನೋಡಬಹುದು. ಚಿತ್ರಗಳು 256×256 ಅಳತೆಯವು. ಸಾಮಾನ್ಯ ಲ್ಯಾಪ್‌ಟಾಪ್ ಸಾಕು.

```python
p = [(0,0),(0,127),(0,255),(127,0),
     (127,255),(255,0),(255,127),(255,255)]
X = [[v for r,c in p for v in im[r,c]] for im in images]
```

ಈ `X` ಅನ್ನು ಒಂದು ರ‍್ಯಾಂಡಮ್ ಫಾರೆಸ್ಟ್‌ಗೆ ಕೊಟ್ಟು, ಬರುವ ನಿಖರತೆಯನ್ನು ಊಹೆಯ ಮಟ್ಟದೊಂದಿಗೆ ಹೋಲಿಸಿ. ಟೊಮೆಟೊ ಒಂದನ್ನೇ ತೆಗೆದುಕೊಂಡರೆ ಊಹೆಯ ಮಟ್ಟವನ್ನು ಹತ್ತು ವರ್ಗಗಳೆಂದು ಶೇ. 10 ಅಂದುಕೊಳ್ಳಬೇಡಿ: ಹಳದಿ ಎಲೆ ಮುದುರು ವೈರಸ್‌ಗೆ 5,357 ಚಿತ್ರಗಳಿದ್ದರೆ ಮೊಸಾಯಿಕ್ ವೈರಸ್‌ಗೆ 373 ಮಾತ್ರ ಇವೆ, ಹಾಗಾಗಿ ಎಲ್ಲಕ್ಕೂ ಮುದುರು ರೋಗ ಎಂದರೂ ಸಾಕಷ್ಟು ಅಂಕ ಬರುತ್ತದೆ. ಇನ್ನೊಂದು ತೊಡಕೆಂದರೆ, ಒಂದೇ ಎಲೆಯನ್ನು ಬೇರೆ ಬೇರೆ ಕೋನದಿಂದ ತೆಗೆದ ಹಲವು ಚಿತ್ರಗಳು ಈ ಸಂಗ್ರಹದಲ್ಲಿವೆ. ಚಿತ್ರಗಳನ್ನು ಮನಬಂದಂತೆ ಕಲಸಿ ಎರಡು ಭಾಗ ಮಾಡಿದರೆ ತರಬೇತಿಯಲ್ಲಿ ಕಂಡ ಎಲೆಯೇ ಪರೀಕ್ಷೆಯಲ್ಲೂ ಬರುತ್ತದೆ.

ಉಪಯುಕ್ತತೆಯ ವಿಷಯವನ್ನು ಆ ಸೋದರಮಾವನೇ ಒಂದು ಮಾತಿನಲ್ಲಿ ಮುಗಿಸಿದರು. “ಮುದುರು ರೋಗ ಅನ್ನೋದು ಬದುವಿನ ಮೇಲೆ ನಿಂತರೇ ಕಾಣುತ್ತಪ್ಪ, ಅದಕ್ಕೆ ಫೋನ್ ಯಾಕೆ? ಕಾಣೋ ಹೊತ್ತಿಗೆ ಏನು ಹೊಡೆದರೂ ಅಷ್ಟೇ. ಮೋಡ ಮುಚ್ಚಿಕೊಂಡಾಗ ಔಷಧಿ ಹೊಡೀಬೇಕೋ ಬೇಡವೋ, ಅದನ್ನ ಹೇಳಿ” ಎಂದರು. ಮುದುರು ರೋಗದ ವೈರಸ್ಸನ್ನು ಬಿಳಿನೊಣ ಹರಡುತ್ತದೆ, ರೋಗ ಹಿಡಿದ ಗಿಡಕ್ಕೆ ಮದ್ದಿಲ್ಲ. ಆದ್ದರಿಂದ ಹೆಸರು ಹೇಳುವ ಆ್ಯಪ್‌ನಿಂದ ಅವರ ಮುಂದಿನ ಕೆಲಸವೇನೂ ಬದಲಾಗುತ್ತಿರಲಿಲ್ಲ. ಎಕ್ಸ್‌ಟರ್ನಲ್ ಕೂಡ ವೈವಾದಲ್ಲಿ ಇದನ್ನೇ ಕೇಳಿದರು. ಉತ್ತರ ಕೊಡಬೇಕಾಗಿದ್ದ ಗೈಡ್ ಆ ಹೊತ್ತಿಗೆ ಫೋನ್ ಬಂತೆಂದು ಹೊರಗೆ ಹೋಗಿದ್ದರು. ಅಂಕಗಳ ಕಥೆ ಇಲ್ಲಿ ಬೇಡ.

ಆ ರೈತರ ಪ್ರಶ್ನೆಯನ್ನೇ ಹಿಡಿದರೆ ಮಾಡಬಹುದಾದ ಬೇರೆ ವಿಷಯವೊಂದು ಸಿಗುತ್ತದೆ. ಅಂಗಮಾರಿಯಂಥ ರೋಗ ತಗಲುವುದು ಎಲೆ ಎಷ್ಟು ಗಂಟೆ ಒದ್ದೆಯಾಗಿತ್ತು ಮತ್ತು ಆಗ ಉಷ್ಣಾಂಶ ಎಷ್ಟಿತ್ತು ಎಂಬುದರ ಮೇಲೆ ನಿಂತಿದೆ. ಬಾಚಣಿಗೆ ಹಲ್ಲಿನಂತೆ ಎರಡು ತಾಮ್ರದ ಗೆರೆಗಳಿರುವ ಚಿಕ್ಕ ಪಿಸಿಬಿಯನ್ನು ಓರೆಯಾಗಿ ಗಿಡಗಳ ನಡುವೆ ನಿಲ್ಲಿಸಿ, ಒಂದು ಇಎಸ್‌ಪಿ32ಕ್ಕೆ ಜೋಡಿಸಿದರೆ ಒದ್ದೆಯಾದಾಗ ರೋಧ ಇಳಿಯುವುದನ್ನು ಅಳೆಯಬಹುದು. ಕೆಲಸ ಸುಲಭವಾಗಿ ಕಂಡರೂ ಇದರಲ್ಲಿ ಇಂಜಿನಿಯರಿಂಗ್ ಇದೆ. ಸತತವಾಗಿ ಡಿಸಿ ಕೊಟ್ಟರೆ ತಾಮ್ರ ಸವೆಯುತ್ತದೆ, ಆದ್ದರಿಂದ ಕ್ಷಣಕಾಲ ಮಾತ್ರ ಕೊಟ್ಟು ಧ್ರುವ ಬದಲಿಸುತ್ತಿರಬೇಕು. ಇಬ್ಬನಿಯ ಸಣ್ಣ ಹನಿಗಳು ಎರಡು ಗೆರೆಗಳನ್ನು ಮುಟ್ಟದೆ ಉಳಿಯುತ್ತವೆ, ಆದ್ದರಿಂದ ಹನಿ ಹರಡಲೆಂದು ಮೇಲೆ ಲ್ಯಾಟೆಕ್ಸ್ ಬಣ್ಣದ ತೆಳು ಪದರ ಬಳಿಯುತ್ತಾರೆ. ನಿಜದೊಂದಿಗೆ ಹೋಲಿಸುವ ದಾರಿಯೂ ಕೈಯಲ್ಲೇ ಇದೆ: ಬೆಳಗಿನ ಜಾವದಿಂದ ಅರ್ಧ ಗಂಟೆಗೊಮ್ಮೆ ಎಲೆಗೆ ಟಿಶ್ಯೂ ಪೇಪರ್ ಒತ್ತಿ ಒದ್ದೆಯೋ ಒಣಗಿದೆಯೋ ಎಂದು ಬರೆದುಕೊಂಡರೆ, ಸೆನ್ಸರ್ ಎಷ್ಟು ನಿಮಿಷ ತಪ್ಪಿತು ಎಂಬುದು ವರದಿಯ ಮುಖ್ಯ ಸಂಖ್ಯೆಯಾಗುತ್ತದೆ.

ಆದರೆ ‘ರೋಗ ಮುನ್ಸೂಚನೆ’ ಎಂದು ಶೀರ್ಷಿಕೆ ಕೊಡಬೇಡಿ. ಸತತ ಎರಡು ದಿನ ಕನಿಷ್ಠ ಉಷ್ಣಾಂಶ 10 ಡಿಗ್ರಿಗಿಂತ ಇಳಿಯದೆ, ಪ್ರತಿದಿನ ಕನಿಷ್ಠ 11 ಗಂಟೆಗಳ ಕಾಲ ಶೇ. 90 ಅಥವಾ ಅದಕ್ಕಿಂತ ಹೆಚ್ಚು ತೇವಾಂಶವಿದ್ದರೆ ಅಪಾಯ ಎನ್ನುವ ಸ್ಮಿತ್ ನಿಯಮ ಬ್ರಿಟನ್ನಿನ ಆಲೂಗಡ್ಡೆಗಾಗಿ ಮಾಡಿದ್ದು. ಕೋಲಾರದ ಟೊಮೆಟೊಗೆ ಅದು ಹೊಂದುತ್ತದೆಂದು ಸಾಬೀತುಪಡಿಸಲು ಒಂದು ಪ್ರಾಜೆಕ್ಟ್‌ನ ಅವಧಿ ಸಾಲದು. ‘ಎಲೆ ಒದ್ದೆಯಾಗಿರುವ ಅವಧಿಯ ಮಾಪನ’ ಎಂದಷ್ಟೇ ಬರೆದರೆ ವೈವಾದಲ್ಲಿ ಸಮರ್ಥಿಸಿಕೊಳ್ಳಬಹುದು. ಕ್ಯಾಲೆಂಡರ್ ಕೂಡ ನೋಡಿಕೊಳ್ಳಿ: ಮಳೆ ಮತ್ತು ಇಬ್ಬನಿ ಸಿಗುವುದು ಹೆಚ್ಚಾಗಿ ಆಗಸ್ಟ್‌ನಿಂದ ಜನವರಿಯೊಳಗೆ, ಕಾಲೇಜುಗಳಲ್ಲಿ ಪ್ರಾಜೆಕ್ಟ್ ಕೆಲಸ ಬಿರುಸಾಗುವುದು ಫೆಬ್ರವರಿಯ ನಂತರ. ಪಿಸಿಬಿ ಸೆಪ್ಟೆಂಬರ್‌ನಲ್ಲಿ ತೋಟದಲ್ಲಿರದಿದ್ದರೆ ಅಳೆಯಲು ನೀರೇ ಇರುವುದಿಲ್ಲ.

ಎಲೆರೋಗದ ಸಿನಾಪ್ಸಿಸ್‌ಗೆ ಈಗಾಗಲೇ ಸಹಿ ಬಿದ್ದಿದ್ದರೆ, ಒಂದೇ ಬೆಳೆಯ ಎರಡು ಮೂರು ರೋಗಗಳನ್ನು ಮಾತ್ರ ಇಟ್ಟುಕೊಂಡು, ತೋಟದಲ್ಲಿ ಗಿಡದಲ್ಲಿರುವಂತೆಯೇ ಎಲೆಗಳ ಫೋಟೋ ತೆಗೆಯಿರಿ. ರೋಗದ ಹೆಸರನ್ನು ಕೃಷಿ ವಿಜ್ಞಾನ ಕೇಂದ್ರದವರಿಂದ ಖಚಿತಪಡಿಸಿಕೊಳ್ಳಿ. ತರಬೇತಿಗೆ ಒಂದು ತೋಟದ ಚಿತ್ರಗಳು, ಪರೀಕ್ಷೆಗೆ ಇನ್ನೊಂದು ತೋಟದವು ಎಂದು ಬೇರ್ಪಡಿಸಿ, 8 ಪಿಕ್ಸೆಲ್‌ನ ಫಲಿತಾಂಶವನ್ನೂ ಅದೇ ಕೋಷ್ಟಕದಲ್ಲಿ ಪಕ್ಕಕ್ಕೆ ಹಾಕಿ. ಆಗ ನಿಖರತೆ ಶೇ. 60ಕ್ಕೆ ಇಳಿದರೂ ಅದು ಎಲೆಯಿಂದ ಬಂದದ್ದೋ ಹಿನ್ನೆಲೆಯಿಂದ ಬಂದದ್ದೋ ಎಂಬುದನ್ನು ಎಕ್ಸ್‌ಟರ್ನಲ್ ಕೇಳುವ ಮೊದಲೇ ತೋರಿಸಲು ನಿಮ್ಮ ಬಳಿ ಪುರಾವೆ ಇರುತ್ತದೆ.