80, 45, 23: ಒಂದೇ ತಳಿಯ ಅಕ್ಕಿ, ಮೂರು ಬಗೆಯ ಸಾಕೆ

ಜಪಾನಿನ ಒಸಾಕಾದಲ್ಲಿ ಕೆಲಸಕ್ಕಿದ್ದಷ್ಟು ದಿನ, ಅಕ್ಕಿಯಿಂದ ಮಾಡುವ ಅಲ್ಲಿನ ಮದ್ಯವಾದ ಸಾಕೆಯನ್ನು ಕೊಳ್ಳುವಾಗ ನಾನು ಮೊದಲು ಹುಡುಕುತ್ತಿದ್ದುದು ಲೇಬಲ್ಲಿನ ಒಂದು ಅಂಕಿಯನ್ನು. ಅದಕ್ಕೆ ಅಲ್ಲಿ ಸೇಮೈ ಬುವಾಯ್ ಅನ್ನುತ್ತಾರೆ. ಪಾಲಿಶ್ ಮಾಡಿದ ಮೇಲೆ ಅಕ್ಕಿಯ ತೂಕದಲ್ಲಿ ಶೇಕಡಾ ಎಷ್ಟು ಉಳಿಯಿತು ಎಂಬ ಲೆಕ್ಕ ಅದು. ಊಟದ ಬಿಳಿ ಅಕ್ಕಿಯಲ್ಲಿ ಸುಮಾರು 90 ಉಳಿಯುತ್ತದೆ. ಗಿಂಜೊ ಎಂಬ ಮೇಲ್ದರ್ಜೆಯ ಸಾಕೆ ಅನ್ನಿಸಿಕೊಳ್ಳಲು 60 ಅಥವಾ ಅದಕ್ಕಿಂತ ಕಡಿಮೆ, ಅದಕ್ಕೂ ಮೇಲಿನ ದೈಗಿಂಜೊ ಆಗಲು 50 ಅಥವಾ ಅದಕ್ಕಿಂತ ಕಡಿಮೆ ಇರಬೇಕು.

ಅಂಕಿ ಇಳಿದಂತೆ ಬೆಲೆ ಏರುತ್ತದೆ. ರುಚಿಯೂ ಅಷ್ಟೇ ಏರುತ್ತದೆಯೇ ಎಂದು ನೋಡಬೇಕೆನಿಸಿತು. ಯಾಮಾಗುಚಿ ಪ್ರಾಂತ್ಯದ ದಸ್ಸೈ ಸಾಕೆಯ 45 ಮತ್ತು 23 ತಂದೆ. ಎರಡಕ್ಕೂ ಬಳಸುವುದು ಯಾಮಾದಾ ನಿಶಿಕಿ ಎಂಬ ತಳಿ, ಹಾಗಾಗಿ ಹೋಲಿಕೆಗೆ ಅನುಕೂಲ. ಅದೇ ತಳಿಯಿಂದ ಮಾಡಿದ 80ರ ಜುನ್ಮೈ ಒಂದನ್ನು ಸಣ್ಣ ತಯಾರಕರ ಕಡೆಯಿಂದ ತಂದೆ. ಜುನ್ಮೈ ಎಂದರೆ ಹೊರಗಿನ ಆಲ್ಕೋಹಾಲ್ ಬೆರೆಸದ್ದು. ದಸ್ಸೈ ಎರಡೂ ಅಂಥವೇ. 80ರದು ಬೇರೆ ಕೈಯ ಕೆಲಸ, ಅದರ ರುಚಿಯನ್ನೆಲ್ಲ ಪಾಲಿಶ್‌ನ ಲೆಕ್ಕಕ್ಕೆ ಹಾಕುವಂತಿಲ್ಲ.

ಅಕ್ಕಿಯನ್ನು ಅಷ್ಟು ಉಜ್ಜುವುದೇಕೆ? ಕಾಳಿನ ಹೊರಪದರದಲ್ಲಿ ಕೊಬ್ಬು, ಪ್ರೋಟೀನ್ ಹೆಚ್ಚು, ನಡುವೆ ಪಿಷ್ಟ. ಸಾಕೆ ಅಕ್ಕಿಯ ಕಾಳನ್ನು ಬೆಳಕಿಗೆ ಹಿಡಿದರೆ ನಡುವೆ ಸುಣ್ಣದ ಚುಕ್ಕೆಯಂಥ ಬಿಳಿ ತಿರುಳು ಕಾಣುತ್ತದೆ. ಪ್ರೋಟೀನ್ ಒಡೆದು ಅಮೈನೋ ಆಮ್ಲಗಳಾಗಿ ಸಾಕೆಗೆ ಸಾರಿನಂಥ ಗಾಢ ರುಚಿ ಕೊಡುತ್ತದೆ, ಮಿತಿಮೀರಿದರೆ ಒರಟು. ಕೊಬ್ಬು ಹೆಚ್ಚಿದ್ದರೆ ಈಸ್ಟ್ ಹಣ್ಣಿನ ಪರಿಮಳ ಬಿಡುವುದು ಕಡಿಮೆ. ಅದನ್ನು ತೆಗೆದು, ಸುಮಾರು 10 ಡಿಗ್ರಿಯ ಚಳಿಯಲ್ಲಿ ಸುಮಾರು ಒಂದು ತಿಂಗಳು ನಿಧಾನವಾಗಿ ಹುದುಗಿಸಿದರೆ ಸೇಬು, ಬಾಳೆಹಣ್ಣಿನ ವಾಸನೆ ಬರುತ್ತದೆ. ಹಣ್ಣು ಒಂದು ಚೂರೂ ಹಾಕಿರುವುದಿಲ್ಲ.

ಉಜ್ಜುವಾಗ ಕಾಳು ಬಿಸಿಯಾಗಿ ಒಣಗುತ್ತದೆ. ಕೂಡಲೇ ನೆನೆಹಾಕಿದರೆ ಬಿರುಕು ಬಿಟ್ಟು ನುಚ್ಚಾಗುತ್ತದೆ, ಅದಕ್ಕೆ ಕೆಲವು ವಾರ ಹಾಗೇ ಇಟ್ಟು ತಣಿಸುತ್ತಾರೆ. ಹೆಚ್ಚು ಉಜ್ಜಿದ ಅಕ್ಕಿ ನೀರನ್ನು ಎಷ್ಟು ಬೇಗ ಹೀರುತ್ತದೆಂದರೆ ನೆನೆಸುವುದನ್ನು ಗಡಿಯಾರ ಹಿಡಿದು ಸೆಕೆಂಡುಗಳಲ್ಲಿ ಎಣಿಸುತ್ತಾರೆ. ಆಮೇಲೆ ಹಬೆಯಲ್ಲಿ ಬೇಯಿಸಿ, ಅದರ ಒಂದು ಪಾಲಿಗೆ ಕೋಜಿ ಎಂಬ ಬೂಷ್ಟಿನ ಬೀಜ ಉದುರಿಸಿ, ಬೆಚ್ಚನೆಯ ಕೋಣೆಯಲ್ಲಿ ಎರಡು ದಿನ ಬೆಳೆಸುತ್ತಾರೆ. ಕೋಜಿ ಪಿಷ್ಟವನ್ನು ಸಕ್ಕರೆ ಮಾಡುತ್ತದೆ, ಈಸ್ಟ್ ಅದೇ ತೊಟ್ಟಿಯಲ್ಲಿ ಅದೇ ಹೊತ್ತಿಗೆ ಆ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತದೆ. ಸಕ್ಕರೆ ಒಮ್ಮೆಲೇ ಏರಿ ಈಸ್ಟನ್ನು ಕಂಗೆಡಿಸುವುದಿಲ್ಲವಾದ್ದರಿಂದ ಬಟ್ಟಿ ಇಳಿಸದೆಯೇ ಆಲ್ಕೋಹಾಲ್ ಶೇಕಡಾ 20ರ ಹತ್ತಿರ ಹೋಗುತ್ತದೆ. ಅಕ್ಕಿ, ಕೋಜಿ, ನೀರನ್ನು ನಾಲ್ಕು ದಿನದಲ್ಲಿ ಮೂರು ಕಂತಾಗಿ, ಪ್ರತಿ ಸಲ ಹೆಚ್ಚಿಸುತ್ತಾ ಹಾಕುತ್ತಾರೆ. ಒಂದೇ ಸಲ ಸುರಿದರೆ ಈಸ್ಟ್ ತೆಳುವಾಗಿ ಬೇಡದ ಜೀವಿಗಳು ಮೇಲುಗೈ ಸಾಧಿಸುತ್ತವೆ.

ಇನ್ನು ಲೋಟಗಳಿಗೆ ಬರೋಣ. ಮೂರನ್ನೂ ಮೊದಲು ತಣ್ಣಗೆ ಕುಡಿದೆ. 80ರಲ್ಲಿ ಪರಿಮಳ ಕಡಿಮೆ, ಗಂಜಿ ತಿಳಿಯ ನೆನಪು, ನಾಲಗೆಯ ಬದಿಗೆ ಹುಳಿ, ಕೊನೆಗೆ ತುಸು ಒಗರು. 45ಕ್ಕೆ ಬಂದರೆ ಬೇರೆಯೇ ಪಾನೀಯ: ಮೂಗಿಗೆ ಮೊದಲೇ ಸೇಬು, ಆಮೇಲೆ ತಿಳಿಯಾದ ಸಿಹಿ. ಈ ಜಿಗಿತ ಯಾರ ನಾಲಗೆಗೂ ಸಿಗುತ್ತದೆ. 45ರಿಂದ 23ಕ್ಕೆ ಹೋದಾಗ ಹಾಗಾಗಲಿಲ್ಲ. ಸಿಹಿ ಇನ್ನಷ್ಟು ನಯ, ಗಂಟಲಲ್ಲಿ ಯಾವ ಗೆರೆಯೂ ಇಲ್ಲದೆ ಇಳಿಯುತ್ತದೆ, ಅಷ್ಟೇ. ಮರುದಿನ ಲೋಟಗಳನ್ನು ಅದಲುಬದಲು ಮಾಡಿಸಿ ಕುಡಿದಾಗ ಈ ಎರಡನ್ನು ಗುರುತಿಸುವಲ್ಲಿ ಒಮ್ಮೆ ತಪ್ಪಿದೆ, 80ರಲ್ಲಿ ತಪ್ಪಲಿಲ್ಲ. ಇದಕ್ಕೆ ಕಾರಣವೂ ಕಾಳಿನಲ್ಲೇ ಇದೆ. ಪ್ರೋಟೀನ್ ಮೊದಮೊದಲ ಉಜ್ಜುವಿಕೆಯಲ್ಲಿ ಬಿರುಸಾಗಿ ಇಳಿದು, 50ರ ಆಚೆಗೆ ಅಷ್ಟೇನೂ ಬದಲಾಗುವುದಿಲ್ಲ.

ಬೆಲೆ ಮಾತ್ರ ನಿಲ್ಲುವುದಿಲ್ಲ. ಒಂದು ಕಿಲೋ ಉಜ್ಜಿದ ಅಕ್ಕಿಗೆ 80ರಲ್ಲಿ ಒಂದೂಕಾಲು ಕಿಲೋ ಕಂದು ಅಕ್ಕಿ ಸಾಕು. 45ಕ್ಕೆ ಸುಮಾರು 2.2 ಕಿಲೋ, 23ಕ್ಕೆ 4.3 ಕಿಲೋ ಬೇಕು. ಅಂದರೆ 45ರಿಂದ 23ಕ್ಕೆ ಅಕ್ಕಿಯ ಖರ್ಚೇ ಹೆಚ್ಚುಕಡಿಮೆ ದುಪ್ಪಟ್ಟು. ಕಾಳು ಚಿಕ್ಕದಾದಷ್ಟೂ ಒಡೆಯದಂತೆ ಮೆಲ್ಲಗೆ ಉಜ್ಜಬೇಕು, ಗಂಟೆಗಳಲ್ಲಿ ಮುಗಿಯುವ ಕೆಲಸ ದಿನಗಳಿಗೆ ಬೆಳೆಯುತ್ತದೆ. ಅಂಗಡಿಯಲ್ಲಿ ನಾನು 23ಕ್ಕೆ ಕೊಟ್ಟಿದ್ದು 45ರ ಎರಡೂವರೆ ಪಟ್ಟಿಗೂ ಹೆಚ್ಚು.

ಊಟಕ್ಕೆ ಕೂತಾಗ ಲೆಕ್ಕ ತಿರುಗಿತು. ಉಪ್ಪು ಸವರಿ ಸುಟ್ಟ ಬಂಗುಡೆಯ ಎಣ್ಣೆ ಜಿಡ್ಡಿನ ಮುಂದೆ 23 ನೀರಾಯಿತು. 80ನ್ನು ಬಿಸಿನೀರಲ್ಲಿಟ್ಟು 45 ಡಿಗ್ರಿಗೆ ಕಾಯಿಸಿದೆ. ತಣ್ಣಗಿದ್ದಾಗ ಒಗರೆನಿಸಿದ್ದು ಮೀನಿನ ಜಿಡ್ಡನ್ನು ತೊಳೆದುಕೊಂಡು ಹೋಯಿತು, ಹುಳಿಯೂ ರುಚಿಯೆನಿಸಿತು. 23ನ್ನೂ ಒಂದಿಷ್ಟು ಕಾಯಿಸಿ ನೋಡಿದೆ: ಸೇಬಿನ ಪರಿಮಳ ಹಾರಿಹೋಗಿ ಬರೀ ಸಿಹಿ ಉಳಿಯಿತು.

ಬರಿದೇ ಕುಡಿಯಲು, ತಣ್ಣಗೆ, ನನ್ನ ಆಯ್ಕೆ 45. ಊಟಕ್ಕೆ 80. ಉಳಿದ 23ನ್ನು ಫ್ರಿಜ್ಜಿನಲ್ಲಿಟ್ಟು, ಪಕ್ಕದಲ್ಲಿ ಬೇರೇನೂ ಇಲ್ಲದೆ, ವಾರದೊಳಗೆ ಮುಗಿಸಿದೆ.