ಟಿಕ್ ಮಾಡೋಕೆ ವಿಜೆಟ್, ಬರೆದಿಡೋಕೆ ಶಾರ್ಟ್‌ಕಟ್: ಮನೆಯ ಮೂರು ಫೋನ್‌ಗಳಲ್ಲಿ ಆರು ವಾರ

ಮುಂಬೈಯ ಬೆಳಗಿನ ಫಾಸ್ಟ್ ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ದಾದರ್‌ಗೆ ಹೋಗುವವರಿಗೆ ಸ್ವಂತದ್ದು ಅಂತ ಇರುವುದು ಒಂದೇ ಕೈ. ಇನ್ನೊಂದು ಮೇಲಿನ ಹಿಡಿಕೆಗೆ ಮೀಸಲು. ಆ ಒಂದು ಕೈಯ ಹೆಬ್ಬೆರಳಿನಲ್ಲಿ ಲಾಕ್ ತೆಗೆದು, ಐಕಾನ್ ಹುಡುಕಿ, ಪಟ್ಟಿ ತೆರೆದುಕೊಳ್ಳಲಿ ಅಂತ ಕಾದು, 'ಕರೆಂಟ್ ಬಿಲ್ ಕಟ್ಟಬೇಕು' ಅಂತ ಬರೆಯುವ ಹೊತ್ತಿಗೆ ಠಾಣೆ ಬಂದು ನಾಲ್ಕು ಮೊಣಕೈ ಒಟ್ಟಿಗೆ ತಾಗುತ್ತವೆ. ಫೋನ್ ಜೇಬಿಗೆ, ಬಿಲ್ ಮರೆವಿಗೆ.

ಇದು ನಾನೇ ಬರೆದ ಆಪ್. ಮಾಡಬೇಕಾದ ಕೆಲಸಗಳ ಪುಟ್ಟ ಪಟ್ಟಿ, ಅಷ್ಟೇ. ಬಳಸುವವರು ಹೆಚ್ಚಾಗಿ ಪರಿಚಯದವರೇ. ಆಪ್ ತೆರೆಯದೆಯೇ ಕೆಲಸ ಆಗುವಂತೆ ಮಾಡಲು ಎರಡು ದಾರಿ ಇದ್ದವು. ಒಂದು, ಹೋಮ್ ಸ್ಕ್ರೀನ್ ಮೇಲೆ ಕೂರುವ ವಿಜೆಟ್. ಇವತ್ತಿನ ನಾಲ್ಕು ಕೆಲಸ, ಪಕ್ಕದಲ್ಲಿ ಟಿಕ್ ಹಾಕುವ ಗುಂಡಿ. ಇನ್ನೊಂದು, ಐಕಾನ್ ಒತ್ತಿ ಹಿಡಿದರೆ ಬರುವ ಪುಟ್ಟ ಮೆನು. ಅದರಲ್ಲಿ 'ಹೊಸ ಕೆಲಸ' ಅಂತ ಒಂದು ಶಾರ್ಟ್‌ಕಟ್. ಐಫೋನ್‌ನಲ್ಲಿ ಈ ಮೆನು 2015ರಿಂದ ಇದೆ, ಆಂಡ್ರಾಯ್ಡ್‌ನಲ್ಲಿ 2016ರ 7.1 ಆವೃತ್ತಿಯಿಂದ. ವಿಜೆಟ್ ಮೇಲೇ ಟಿಕ್ ಹಾಕುವ ಸೌಲಭ್ಯ ಐಫೋನ್‌ಗೆ ಬಂದಿದ್ದು ಮಾತ್ರ 2023ರಲ್ಲಿ, ಐಓಎಸ್ 17ರ ಜೊತೆ. ಆಂಡ್ರಾಯ್ಡ್‌ನವರು ಅದಕ್ಕೂ ಎಷ್ಟೋ ಮೊದಲಿನಿಂದ ಒತ್ತುತ್ತಲೇ ಇದ್ದರು.

ಯಾವುದರಿಂದ ಬಳಕೆ ಜಾಸ್ತಿ ಆಗುತ್ತದೆ ಅಂತ ನೋಡಲು ಮೂರು ಫೋನ್ ತೆಗೆದುಕೊಂಡೆ. ನನ್ನದು ಮತ್ತು ಮಾಟುಂಗಾದಲ್ಲಿ ಸಣ್ಣ ಉಡುಪಿ ಹೋಟೆಲ್ ನಡೆಸುವ ಭಾವನದು ಆಂಡ್ರಾಯ್ಡ್, ಹೆಂಡತಿಯದು ಐಫೋನ್. ಮೊದಲ ಎರಡು ವಾರ ಏನೂ ಇಲ್ಲ, ಬರೀ ಆಪ್. ಮುಂದಿನ ಎರಡು ವಾರ ವಿಜೆಟ್ ಮಾತ್ರ. ಕೊನೆಯ ಎರಡು ವಾರ ವಿಜೆಟ್ ತೆಗೆದು ಶಾರ್ಟ್‌ಕಟ್ ಮಾತ್ರ. ಮೂರೇ ಜನ, ಅದರಲ್ಲೂ ಮನೆಯವರು. ಇದನ್ನು ಸಮೀಕ್ಷೆ ಅಂದರೆ ನಗುತ್ತೀರಿ. ಆದರೆ ಪ್ರತಿಯೊಬ್ಬರನ್ನೂ ಅವರ ಹಿಂದಿನ ವಾರಗಳ ಜೊತೆಗೇ ಹೋಲಿಸಿದ್ದರಿಂದ ಒಂದು ಮೋಸ ತಪ್ಪಿತು. ವಿಜೆಟ್ ಹಾಕಿಕೊಂಡವರನ್ನು ಹಾಕಿಕೊಳ್ಳದವರ ಜೊತೆ ಇಟ್ಟು ನೋಡಿದರೆ ವಿಜೆಟ್ ಯಾವಾಗಲೂ ಗೆಲ್ಲುತ್ತದೆ. ಯಾಕೆ ಹೇಳಿ? ಆಪ್ ಮೇಲೆ ಮೊದಲೇ ಪ್ರೀತಿ ಇದ್ದವರು ತಾನೇ ವಿಜೆಟ್ ಹಾಕಿಕೊಳ್ಳುವುದು!

ಲೆಕ್ಕಕ್ಕಾಗಿ ಪ್ರತಿ ಕೆಲಸಕ್ಕೂ ಅದು ಎಲ್ಲಿಂದ ಆಯಿತು ಅನ್ನುವ ಗುರುತು ಸೇರಿಸಿದೆ:

```
app_open   source=icon
task_done  source=widget
task_add   source=shortcut
```

ಹೆಂಡತಿಯ ಫೋನ್‌ನಿಂದ ಶುರು ಮಾಡೋಣ. ಅವಳ ಪಟ್ಟಿ ದಿನಾ ಹೆಚ್ಚುಕಮ್ಮಿ ಒಂದೇ: ಗಿಡಕ್ಕೆ ನೀರು, ಮಗಳ ಡಬ್ಬಿ, ಅಮ್ಮನ ಬಿ.ಪಿ. ಮಾತ್ರೆ, ಇಸ್ತ್ರಿಗೆ ಬಟ್ಟೆ. ಬರೀ ಆಪ್ ಇದ್ದ ಎರಡು ವಾರ ಅವಳು ಆಪ್ ತೆರೆದದ್ದು 112 ಸಲ, ಮುಗಿಸಿದ ಕೆಲಸ 71. ವಿಜೆಟ್ ಬಂದ ಮೇಲೆ ತೆರೆದದ್ದು 49 ಸಲ, ಮುಗಿಸಿದ್ದು 96. ಆ 96ರಲ್ಲಿ 68 ವಿಜೆಟ್ ಮೇಲಿಂದಲೇ ಆಗಿದ್ದು. ವಿಜೆಟ್ ಕಿತ್ತು ಶಾರ್ಟ್‌ಕಟ್ ಕೊಟ್ಟಾಗ ಮತ್ತೆ 74ಕ್ಕೆ ಇಳಿಯಿತು.

ಈ ಏರಿಕೆ ಸುಲಭವಾಗಿ ಬಂದದ್ದಲ್ಲ. ವಿಜೆಟ್ ಹಾಕಿದ ಮೂರನೇ ದಿನ ಸಂಜೆ ಅವಳು ಫೋನ್ ನನ್ನ ಮುಂದೆ ಹಿಡಿದಳು. "ರೀ, ಅತ್ತೆ ಮಾತ್ರೆ ತಗೊಂಡಿಲ್ಲ. ಇಲ್ಲಿ ನೋಡಿದ್ರೆ ಆಗಿದೆ ಅಂತ ತೋರಿಸ್ತಿದೆ. ನಾನಂತೂ ಒತ್ತಿಲ್ಲ."

ಒತ್ತಿದ್ದಳು, ಅವಳಿಗೇ ಗೊತ್ತಾಗದೆ. ದಾಖಲೆಯಲ್ಲಿ ಒಂದು ಸೆಕೆಂಡಿನೊಳಗೆ ಎರಡು `task_done` ಇದ್ದವು, ಎರಡೂ ವಿಜೆಟ್‌ನಿಂದ. ನಾನು ಮಾಡಿದ ತಪ್ಪು ಇದು: ಟಿಕ್ ಹಾಕಿದ ಕೂಡಲೇ ಆ ಸಾಲನ್ನು ಮಾಯ ಮಾಡಿ ಕೆಳಗಿನ ಸಾಲನ್ನು ಮೇಲೆ ತರುತ್ತಿದ್ದೆ. ನೋಡಲು ಚೆಂದ. ಆದರೆ ಒತ್ತಿದ್ದು ತಾಗಿತೋ ಇಲ್ಲವೋ ಅಂತ ಬೆರಳು ಇನ್ನೊಮ್ಮೆ ಒತ್ತಿದರೆ, ಅಷ್ಟರಲ್ಲಿ ಆ ಜಾಗಕ್ಕೆ 'ಅಮ್ಮನ ಮಾತ್ರೆ' ಬಂದು ಕೂತಿರುತ್ತದೆ. ಆಪ್ ಒಳಗಾದರೆ ಕೆಳಗಡೆ 'ರದ್ದು ಮಾಡಿ' ಅನ್ನುವ ಪಟ್ಟಿ ತೋರಿಸಬಹುದು. ನನ್ನ ವಿಜೆಟ್‌ನ ನಾಲ್ಕು ಸಾಲಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಸರಿ ಮಾಡಿದ್ದು ಹೀಗೆ. ಐಫೋನ್ ವಿಜೆಟ್ ಅನ್ನುವುದು ಸದಾ ಓಡುತ್ತಿರುವ ಆಪ್ ಅಲ್ಲ. ಇಷ್ಟು ಹೊತ್ತಿಗೆ ಈ ಚಿತ್ರ, ಇಷ್ಟು ಹೊತ್ತಿಗೆ ಆ ಚಿತ್ರ ಅಂತ ನಾವು ಮೊದಲೇ ಒಂದು ಕಟ್ಟು ಕೊಟ್ಟಿರಬೇಕು, ಫೋನ್ ಅದನ್ನು ತೋರಿಸುತ್ತಾ ಹೋಗುತ್ತದೆ. ಟಿಕ್ ಒತ್ತಿದಾಗ ಹೊಸ ಕಟ್ಟು ಕೇಳುತ್ತದೆ. ಆಗ ನಾನು ಎರಡು ಚಿತ್ರ ಕೊಡತೊಡಗಿದೆ. ಮೊದಲನೆಯದರಲ್ಲಿ ಮುಗಿದ ಕೆಲಸ ಅಡ್ಡಗೆರೆ ಹಾಕಿಕೊಂಡು ತನ್ನ ಜಾಗದಲ್ಲೇ ಇರುತ್ತದೆ. ಇನ್ನೊಮ್ಮೆ ಒತ್ತಿದರೆ ಟಿಕ್ ವಾಪಸ್. ಒಂದು ನಿಮಿಷದ ನಂತರದ ಎರಡನೆಯ ಚಿತ್ರದಲ್ಲಿ ಆ ಸಾಲು ಇರುವುದಿಲ್ಲ. ಜೋಡಿ ಟಿಕ್ ಅಲ್ಲಿಗೆ ನಿಂತಿತು.

ನಡುರಾತ್ರಿಯ ಕಥೆಯೂ ಇದೇ ಬುಡದ್ದು. ಬೆಳಗ್ಗೆ ಆರಕ್ಕೆ ನೋಡಿದರೆ ವಿಜೆಟ್‌ನಲ್ಲಿ ನಿನ್ನೆಯ ಪಟ್ಟಿ! ಜನ ಆಗಾಗ ನೋಡುವ ವಿಜೆಟ್‌ಗೂ ಐಫೋನ್ ದಿನಕ್ಕೆ ಸುಮಾರು 40ರಿಂದ 70 ಸಲ ಮಾತ್ರ ಹೊಸದಾಗಲು ಬಿಡುತ್ತದೆ, ಅದೂ ನಾವು ಕೇಳಿದ ಹೊತ್ತಿಗೇ ಅಂತಲ್ಲ. ಹಾಗಾಗಿ ನಾಳೆಯ ಪಟ್ಟಿಯನ್ನು ರಾತ್ರಿ 12 ಗಂಟೆಯ ಗುರುತು ಹಾಕಿ ಇವತ್ತೇ ಕಟ್ಟಿನಲ್ಲಿ ಸೇರಿಸಿ ಕೊಟ್ಟುಬಿಡಬೇಕು. ಆಂಡ್ರಾಯ್ಡ್‌ನಲ್ಲಿ ವಿಜೆಟ್ ಎಷ್ಟು ಹೊತ್ತಿಗೊಮ್ಮೆ ಹೊಸದಾಗಬೇಕು ಅಂತ ಹೇಳುವ `updatePeriodMillis` ಅರ್ಧ ಗಂಟೆಗಿಂತ ಕಡಿಮೆ ಹೋಗುವುದಿಲ್ಲ, ಅಲ್ಲಿ 12 ದಾಟಿದ ಮೇಲೆ ಒಂದು ಅಲಾರಂ ಇಟ್ಟೆ. ಹಳೆಯ ಪಟ್ಟಿ ತೋರಿಸುವ ವಿಜೆಟ್ ಗೋಡೆ ಮೇಲಿನ ಹೋದ ವರ್ಷದ ಕ್ಯಾಲೆಂಡರ್ ಇದ್ದ ಹಾಗೆ. ಎರಡು ದಿನ ಸುಳ್ಳು ಹೇಳಿದರೆ ಮೂರನೇ ದಿನ ಯಾರೂ ಅತ್ತ ಕಣ್ಣು ಹಾಯಿಸುವುದಿಲ್ಲ.

ಈಗ ಭಾವನ ಫೋನ್. ವಿಜೆಟ್ ಅಲ್ಲಿ ಪೂರ್ತಿ ಸೋತಿತು. ಅವರ ಪಟ್ಟಿಯಲ್ಲಿ ಯಾವಾಗಲೂ ಇಪ್ಪತ್ತರ ಮೇಲೆ ಕೆಲಸ. ಕಾಣುವುದು ನಾಲ್ಕು. ನಾನು ಹಳೆಯದನ್ನು ಮೇಲೆ ಇಟ್ಟಿದ್ದೆ, ಆದ್ದರಿಂದ ಲೈಸನ್ಸ್ ನವೀಕರಣ, ಚಿಮಣಿ ಕ್ಲೀನಿಂಗ್, ಇಂಥ ತಿಂಗಳುಗಟ್ಟಲೆ ಕೂರುವ ಕೆಲಸಗಳೇ ಆ ನಾಲ್ಕು ಸಾಲು ಹಿಡಿದುಕೊಂಡವು. "ಇದ್ರಲ್ಲಿ ನೋಡ್ಲಿಕ್ಕೆ ಎಂಥ ಉಂಟು ಮಾರಾಯ? ದಿನಾ ಅದೇ ಲೈಸನ್ಸ್," ಅಂದರು. ಆ ಎರಡು ವಾರದಲ್ಲಿ ಅವರು ವಿಜೆಟ್ ಮೇಲೆ ಹಾಕಿದ ಟಿಕ್ ಐದು.

ಅವರ ತೊಂದರೆ ಮುಗಿಸುವುದರಲ್ಲಿ ಅಲ್ಲ, ಬರೆದಿಡುವುದರಲ್ಲಿ. ಗಲ್ಲಾದಲ್ಲಿ ಕೂತಿದ್ದಾಗ ಅಡುಗೆಮನೆಯಿಂದ ಯಾರೋ ಕೂಗುತ್ತಾರೆ, ಉದ್ದಿನಬೇಳೆ ನಾಳೆಗಾಗುವಷ್ಟೇ ಇದೆ ಅಂತ. ಎದುರಿಗೆ ಗಿರಾಕಿ ಚಿಲ್ಲರೆಗೆ ಕಾಯುತ್ತಿರುತ್ತಾನೆ. ಬರೆಯಲು ಸಿಗುವುದು ಐದಾರು ಸೆಕೆಂಡ್. ವಿಜೆಟ್ ಒಳಗೆ ಟೈಪ್ ಮಾಡಲು ಆಂಡ್ರಾಯ್ಡೂ ಬಿಡುವುದಿಲ್ಲ, ಐಫೋನೂ ಬಿಡುವುದಿಲ್ಲ. ಬರೆಯಬೇಕಾದರೆ ಆಪ್ ತೆರೆಯಲೇಬೇಕು. ಹಾಗಿದ್ದಾಗ ನೇರವಾಗಿ ಬರೆಯುವ ಜಾಗಕ್ಕೇ ಹೋಗಿ ಬೀಳುವುದು ಲಾಭ. ಶಾರ್ಟ್‌ಕಟ್ ಮಾಡಿದ್ದು ಅದನ್ನೇ: ಒತ್ತಿ ಹಿಡಿ, 'ಹೊಸ ಕೆಲಸ' ತಟ್ಟು, ಕೀಬೋರ್ಡ್ ಎದ್ದು ನಿಂತಿರುತ್ತದೆ. ಅವರು ಎರಡು ವಾರಕ್ಕೆ ಸೇರಿಸುತ್ತಿದ್ದ ಕೆಲಸ ಮೊದಲು 31, ವಿಜೆಟ್ ಇದ್ದಾಗ 33. ಶಾರ್ಟ್‌ಕಟ್ ಬಂದ ಮೇಲೆ 58.

ಆದರೆ ಮೊದಲ ನಾಲ್ಕು ದಿನ ಅವರ ಲೆಕ್ಕ ಸೊನ್ನೆ. ಒತ್ತಿ ಹಿಡಿದರೆ ಮೆನು ಬರುತ್ತದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಐಕಾನ್ ಮೇಲೆ ಯಾವ ಗುರುತೂ ಇರುವುದಿಲ್ಲ ನೋಡಿ. ಗೊತ್ತಿದ್ದವರಿಗೂ ಭಯ. ಐಫೋನ್‌ನ ಆ ಮೆನುವಿನಲ್ಲಿ ನಮ್ಮ ಸಾಲಿನ ಜೊತೆಗೇ ಕೆಂಪು ಅಕ್ಷರದ `Remove App` ಇರುತ್ತದೆ. ಹೆಂಡತಿ ಬೆರಳು ಅತ್ತ ಒಯ್ಯಲೇ ಹಿಂಜರಿದಳು. ಕೊನೆಗೆ ನಾನೇ ಮಾಟುಂಗಾಕ್ಕೆ ಹೋಗಿ, ಭಾವನ ಮೆನುವಿನಿಂದ 'ಹೊಸ ಕೆಲಸ'ವನ್ನು ಎಳೆದು ಹೋಮ್ ಸ್ಕ್ರೀನ್ ಮೇಲೆ ಬಿಟ್ಟೆ. ಆಂಡ್ರಾಯ್ಡ್‌ನಲ್ಲಿ ಅದು ತನ್ನದೇ ಐಕಾನ್ ಆಗಿ ಕೂರುತ್ತದೆ, ಒಂದೇ ತಟ್ಟು ಸಾಕು. ಆ 58 ಬಂದಿದ್ದು ಅದಾದ ಮೇಲೆ. ಒತ್ತಿ ಹಿಡಿಯುವ ಮೆನುವಿಗಿಂತ ಈ ಎಳೆದಿಟ್ಟ ಐಕಾನ್‌ಗೇ ಆ ಪಾಲು ಸೇರಬೇಕು.

ಶಾರ್ಟ್‌ಕಟ್‌ನಲ್ಲಿ ನಾನು ಎಡವಿದ್ದು ಐಫೋನ್ ಕಡೆ. "ಬೆಳಗ್ಗೆ ಬರಲ್ಲ, ಮಧ್ಯಾಹ್ನ ಬರುತ್ತೆ," ಅನ್ನುತ್ತಿದ್ದಳು ಹೆಂಡತಿ. ಬೆಳಗ್ಗೆ 'ಹೊಸ ಕೆಲಸ' ಒತ್ತಿದರೆ ಆಪ್‌ನ ಮುಖಪುಟ ಮಾತ್ರ ತೆರೆಯುತ್ತಿತ್ತು. ಕಾರಣ: ಆಪ್ ಹಿನ್ನೆಲೆಯಲ್ಲಿ ಜೀವಂತ ಇದ್ದರೆ ಒತ್ತಿದ ಸುದ್ದಿ `windowScene(_:performActionFor:completionHandler:)` ಮೂಲಕ ಬರುತ್ತದೆ. ಆಪ್ ಪೂರ್ತಿ ಮುಚ್ಚಿದ್ದರೆ ಅದು ಅಲ್ಲಿಗೆ ಬರುವುದೇ ಇಲ್ಲ, `connectionOptions.shortcutItem` ಒಳಗೆ ಕೂತಿರುತ್ತದೆ. ನಾನು ಮೊದಲನೆಯದನ್ನು ಮಾತ್ರ ಬರೆದಿದ್ದೆ. ಪರೀಕ್ಷೆ ಮಾಡುವಾಗ ನನ್ನ ಆಪ್ ಯಾವಾಗಲೂ ತೆರೆದೇ ಇರುತ್ತಿತ್ತು, ಸಿಕ್ಕಿಬೀಳಲಿಲ್ಲ. ನಿಮಗೂ ಇಂಥ ದೂರು ಬಂದರೆ ಆಪ್ ಅನ್ನು ಮೇಲಕ್ಕೆ ಸರಿಸಿ ಪೂರ್ತಿ ಮುಚ್ಚಿ, ಆಮೇಲೆ ಒತ್ತಿ ನೋಡಿ.

ನನ್ನ ಫೋನ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ವಿಜೆಟ್ ಅನ್ನು ಎರಡನೇ ಪುಟದಲ್ಲಿ ಇಟ್ಟಿದ್ದೆ, ನಾನೇ ಅತ್ತ ಹೋಗಲಿಲ್ಲ. ಮೊದಲ ಪುಟಕ್ಕೆ ತಂದ ಮೇಲೆ ಸುಮಾರಾಗಿ ಬಳಸಿದೆ. ಲೋಕಲ್‌ನಲ್ಲಿ ಮಾತ್ರ ಎಳೆದಿಟ್ಟ ಐಕಾನ್‌ಗೆ ಸಾಟಿ ಇಲ್ಲ.

ಹಾಗಾಗಿ ಈಗ ಆಪ್‌ನಲ್ಲಿ ಎರಡನ್ನೂ ಎಲ್ಲರಿಗೂ ಒಟ್ಟಿಗೆ ಹೇಳುವುದಿಲ್ಲ. ದಿನಾ ಮರಳಿ ಬರುವ ಕೆಲಸ ಮೂರೋ ನಾಲ್ಕೋ ಇದ್ದವರಿಗೆ ವಿಜೆಟ್ ತೋರಿಸುತ್ತೇನೆ. ದಿನವಿಡೀ ಚೂರುಚೂರಾಗಿ ಸೇರಿಸುವವರಿಗೆ, ಹತ್ತು ಕೆಲಸ ಸೇರಿಸಿದ ಮೇಲೆ, ಶಾರ್ಟ್‌ಕಟ್. ಭಾವನಂಥವರ ವಿಜೆಟ್‌ನಲ್ಲಿ ಹಳೆಯದರ ಬದಲು ಇವತ್ತಿನ ದಿನಾಂಕದ್ದು ಮಾತ್ರ ಬರುವಂತೆ ಮಾಡಿದ್ದೇನೆ. ಅವರು ಅದನ್ನು ಇನ್ನೂ ವಾಪಸ್ ಹಾಕಿಕೊಂಡಿಲ್ಲ.

ಆರು ವಾರ ಮುಗಿದ ಮೇಲೆ ಹೆಂಡತಿ ತನ್ನ ವಿಜೆಟ್ ವಾಪಸ್ ಕೇಳಿದಳು, ಹಾಕಿಕೊಟ್ಟೆ. ಹದಿನೈದು ದಿನ ಕಳೆದಿರಬಹುದು. ರಾತ್ರಿ ಊಟಕ್ಕೆ ಕೂತಾಗ ಅವಳ ಫೋನ್‌ಗೆ ಒಂದು ನೋಟಿಫಿಕೇಶನ್ ಬಂತು: "ನಿಮ್ಮನ್ನು ನೋಡಿ ತುಂಬಾ ದಿನವಾಯಿತು, ಒಮ್ಮೆ ಬನ್ನಿ." ಕಳಿಸಿದ್ದು ನನ್ನದೇ ಆಪ್. ಹತ್ತು ದಿನ `app_open` ಇಲ್ಲದಿದ್ದರೆ ಬಿಟ್ಟು ಹೋದವರು ಅಂತ ಲೆಕ್ಕ ಹಾಕುವಂತೆ ನಾನೇ ಹಿಂದೆ ಬರೆದಿಟ್ಟಿದ್ದೆ. ಅವತ್ತು ಅವಳು ವಿಜೆಟ್ ಮೇಲೆ ಎಂಟು ಟಿಕ್ ಹಾಕಿದ್ದಳು. "ಇನ್ನೆಲ್ಲಿಗೆ ಬರಲಿ ರೀ?" ಅಂತ ಕೇಳಿದಳು. ಊಟ ಮುಗಿಸಿ ಆ ಸಾಲಿನ `app_open` ಅಳಿಸಿ `task_done` ಅಂತ ಬರೆದೆ.